ಇಪ್ಪತ್ತೆರಡು ಗಜ ಎಲ್ಲಿಂದ ಎಲ್ಲಿಗೆ?

ಕ್ರಿಕೆಟ್ ಪಿಚ್ಚಿನ ಉದ್ದ 22 ಗಜ, ಅಂದರೆ 66 ಅಡಿ. ಅಗಲ 10 ಅಡಿ. ಬಯಲಲ್ಲಿ ಗುರುತು ಹಾಕುವಾಗ ಹೆಚ್ಚಿನವರು ತಪ್ಪುವುದು ಉದ್ದದಲ್ಲೇ. ಈ 66 ಅಡಿ ಒಂದು ತುದಿಯ ಸ್ಟಂಪಿನಿಂದ ಇನ್ನೊಂದು ತುದಿಯ ಸ್ಟಂಪಿಗೆ. ಬ್ಯಾಟರ್ ನಿಲ್ಲುವ ಗೆರೆ ಸ್ಟಂಪಿಗಿಂತ 4 ಅಡಿ ಮುಂದಿರುತ್ತದೆ. ಆ ಗೆರೆಗಳ ನಡುವೆ 66 ಅಡಿ ಅಳೆದರೆ ಸ್ಟಂಪುಗಳ ಅಂತರ 74 ಅಡಿಯಾಗಿ, ಅಭ್ಯಾಸದಲ್ಲಿ ಕಲಿತ ಲೆಂಗ್ತ್ ಪಂದ್ಯದಲ್ಲಿ ಕೈಕೊಡುತ್ತದೆ.

ಮೊದಲು ಎರಡು ಗೂಟ ನೆಟ್ಟು ದಾರ ಬಿಗಿಯಿರಿ. ಅದೇ ನಡುಸ್ಟಂಪುಗಳ ಸಾಲು. ಎರಡೂ ತುದಿಯಲ್ಲಿ ಆಚೀಚೆ ಐದೈದು ಅಡಿ ಅಳೆದು ನಾಲ್ಕು ಮೂಲೆ ಗುರುತಿಸಿ. ಈಗ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಟೇಪು ಹಿಡಿಯಿರಿ. ಎರಡೂ ಕರ್ಣಗಳು 66 ಅಡಿ 9 ಇಂಚು ಬಂದರೆ ಆಯತ ಸರಿಯಿದೆ. ಒಂದು ಉದ್ದ, ಇನ್ನೊಂದು ಗಿಡ್ಡವಾದರೆ ಮೂಲೆಗಳು ಸೊಟ್ಟಗಿವೆ. ಸುಣ್ಣ ಎಳೆಯುವ ಮುನ್ನವೇ ತಿದ್ದಿ.