ಒಟಿಪಿ ಬೇರೆಯವರ ಫೋನಿಗೆ ಹೋದಾಗ

ಚಿಕ್ಕಮ್ಮನ ಹಳೆ ನಂಬರಿಗೆ ರೀಚಾರ್ಜ್ ಮಾಡಿಸದೆ ವರ್ಷವೇ ಆಗಿತ್ತು. ಮಗ ಕೊಡಿಸಿದ ಹೊಸ ಸಿಮ್ ಕೈಯಲ್ಲಿತ್ತು, ಹಾಗಾಗಿ ಹಳೆಯದು ನೆನಪೇ ಆಗಲಿಲ್ಲ. ಬ್ಯಾಂಕಿನ ಆ್ಯಪ್ ಒಟಿಪಿ ಕೇಳಿದ ದಿನ ಆ ನಂಬರಿಗೆ ಕರೆ ಮಾಡಿ ನೋಡಿದೆವು. ಯಾರೋ ಗಂಡಸು ‘ಯಾರು ಬೇಕಿತ್ತು?’ ಎಂದ. ನಿಂತುಹೋದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿ ಇನ್ನೊಬ್ಬರಿಗೆ ಕೊಡಬಹುದು.

ಸಿಮ್ ಮಾತ್ರ ಕಳೆದು ನಂಬರ್ ಇನ್ನೂ ಚಾಲ್ತಿಯಲ್ಲಿದ್ದರೆ ಡೂಪ್ಲಿಕೇಟ್ ಸಿಮ್ ತಂದರೆ ಮುಗಿಯಿತು. ಮೊದಲ 24 ಗಂಟೆ ಅದಕ್ಕೆ ಎಸ್ಸೆಮ್ಮೆಸ್ ಬರುವುದಿಲ್ಲ, ಗಾಬರಿ ಬೇಡ. ಬೇರೆಯವರ ಸಿಮ್ ಎತ್ತಿಸಿಕೊಂಡು ಒಟಿಪಿ ಕದಿಯುವವರನ್ನು ತಡೆಯಲು ಹಾಗೆ ಮಾಡಿದ್ದಾರೆ. ಆದರೆ ಸಿಮ್ ಯಾರ ಹೆಸರಲ್ಲಿದೆಯೋ ಅವರೇ ಹೋಗಬೇಕು.

ಚಿಕ್ಕಮ್ಮನಿಗೆ ಆ ದಾರಿ ಮುಚ್ಚಿತ್ತು. ಅವರು ಮೊದಲು ಹೋದದ್ದು ಬ್ಯಾಂಕಿಗೆ, ಹಣ ಇರುವುದು ಅಲ್ಲಿ ತಾನೆ. ಆನ್‌ಲೈನಿನಲ್ಲಿ ಬದಲಿಸಲು ಹೋದರೆ ಹಳೆ ನಂಬರಿನ ಒಟಿಪಿಯನ್ನೇ ಕೇಳಬಹುದು. ಖಾತೆ ಇರುವ ಶಾಖೆಯಲ್ಲಿ ಅರ್ಜಿ ಬರೆದುಕೊಟ್ಟರೆ ಆ ತೊಡಕಿಲ್ಲ. ಪಾಸ್‌ಬುಕ್ಕು, ಆಧಾರ್ ಒಯ್ದರು. ಹತ್ತು ವರ್ಷದ ಹಿಂದಿನ ಸಹಿಗೂ ಈಗಿನದಕ್ಕೂ ತಾಳೆಯಾಗದೆ ಮತ್ತೆ ಮತ್ತೆ ಸಹಿ ಹಾಕಿದರು, ಅದು ಬೇರೆ ಕತೆ.

ಬ್ಯಾಂಕಿನಲ್ಲಿ ಬದಲಾದ ನಂಬರ್ ಆಧಾರಿನಲ್ಲಿ ತಾನಾಗಿ ಬದಲಾಗುವುದಿಲ್ಲ. ಎರಡೂ ಬೇರೆ ಬೇರೆ ಕಡತ. ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸಲು ಯಾವ ದಾಖಲೆಯೂ ಬೇಡ, ಹಳೆ ನಂಬರೂ ಬೇಡ. ಬೆರಳೇ ಗುರುತು. ಕೂಲಿ ಮಾಡಿ ಬೆರಳ ಗೆರೆ ಸವೆದಿದ್ದರೆ ಕಣ್ಣಿನ ಪಾಪೆ ತೋರಿಸಬಹುದು. ಶುಲ್ಕ 75 ರೂಪಾಯಿ. ಆಪರೇಟರ್ ಟೈಪ್ ಮಾಡಿದ ಹತ್ತು ಅಂಕಿಗಳನ್ನು ನೀವೇ ಒಂದೊಂದಾಗಿ ಓದಿ ನೋಡಿ. ಒಂದು ಅಂಕಿ ತಪ್ಪಿದರೆ ಮತ್ತೆ ಸಾಲು, ಮತ್ತೆ ದುಡ್ಡು. ರಸೀದಿಯಲ್ಲಿರುವ ಯುಆರ್‌ಎನ್ ಸಂಖ್ಯೆ ಹಾಕಿದರೆ myaadhaar.uidai.gov.in ತಾಣದಲ್ಲಿ ಕೆಲಸ ಎಲ್ಲಿಗೆ ಬಂತೆಂದು ತಿಳಿಯುತ್ತದೆ.

‘ಗೃಹಲಕ್ಷ್ಮಿ ದುಡ್ಡು ನಿಂತುಹೋಗುತ್ತಾ?’ ಎಂದು ಚಿಕ್ಕಮ್ಮ ದಾರಿಯುದ್ದಕ್ಕೂ ಕೇಳುತ್ತಿದ್ದರು. ಆ ಹಣ ಬರುವುದು ಆಧಾರ್ ಜೋಡಿಸಿದ ಖಾತೆಗೆ, ಮೊಬೈಲ್ ನಂಬರಿಗಲ್ಲ. ನಂಬರ್ ಕೈತಪ್ಪಿದರೆ ಹಣ ಬಂತೆನ್ನುವ ಮೆಸೇಜು ಸಿಗುವುದಿಲ್ಲ, ಅಷ್ಟೇ.

ಆಧಾರಿನಲ್ಲಿ ಹೊಸ ನಂಬರ್ ಕೂತ ಮೇಲೆ ಉಳಿದವು ಸುಲಭ. ಆದಾಯ ತೆರಿಗೆ ತಾಣಕ್ಕೆ ಆಧಾರ್ ಒಟಿಪಿಯಲ್ಲೇ ಒಳಹೊಕ್ಕು ಅಲ್ಲಿಯ ನಂಬರ್ ತಿದ್ದಬಹುದು. ಯುಪಿಐಯನ್ನು ಮಾತ್ರ ಹೊಸ ಸಿಮ್ಮಿನಿಂದ ಮತ್ತೆ ನೋಂದಾಯಿಸಬೇಕು. ಚಿಕ್ಕಮ್ಮನ ಹತ್ತಿರ ಎಟಿಎಂ ಕಾರ್ಡಿಲ್ಲ, ಹಾಗಾಗಿ ಪಿನ್ ಇಡಲು ಆಧಾರ್ ದಾರಿ ಹಿಡಿದರು. ಅದಕ್ಕೆ ಬ್ಯಾಂಕಿನಲ್ಲೂ ಆಧಾರಿನಲ್ಲೂ ಒಂದೇ ನಂಬರ್ ಇರಬೇಕು. ಆ ಹೊತ್ತಿಗೆ ಎರಡೂ ಕಡೆ ಒಂದೇ ಆಗಿತ್ತು.