ಕ್ರಮ ಕೈಗೊಳ್ಳಲಾಯಿತು ಸರಿ, ಕೈಗೊಂಡವರು ಯಾರು?

‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬ ವಾಕ್ಯವನ್ನು ಬರೆಯದೆ ಹೈಸ್ಕೂಲು ದಾಟಿದವರು ಕಡಿಮೆ. ಕರ್ತರಿ ಪ್ರಯೋಗವನ್ನು ಕರ್ಮಣಿಗೆ ಬದಲಾಯಿಸಿ ಎಂಬ ಪ್ರಶ್ನೆಗೆ ಅಂಕ ತೆಗೆದುಕೊಂಡು ಅದನ್ನು ಅಲ್ಲಿಗೇ ಬಿಟ್ಟವರು ನಾವು. ಮನೆಯಲ್ಲಾಗಲಿ ಸಂತೆಯಲ್ಲಾಗಲಿ ಯಾರೂ ಹಾಗೆ ಮಾತಾಡುವುದಿಲ್ಲ. ಆದರೆ ಕೆಲಸಕ್ಕೊಂದು ಅರ್ಜಿ, ಬಯೋಡೇಟಾ, ಸಂಘದ ವಾರ್ಷಿಕ ವರದಿ ಬರೆಯಲು ಕೂತ ಕೂಡಲೇ ಕರ್ಮಣಿ ತಾನಾಗಿ ಬಂದುಬಿಡುತ್ತದೆ. ‘ನಿರ್ವಹಿಸಲಾಗಿದೆ’, ‘ಕೈಗೊಳ್ಳಲಾಯಿತು’, ‘ಸಾಧಿಸಲಾಗಿದೆ’. ನಾವು ಮಾಡಿದ ಕೆಲಸವನ್ನು ಹೇಳಿಕೊಳ್ಳಲೇಬೇಕಾದ ಕಾಗದದಲ್ಲೇ ನಾವು ಕಾಣೆಯಾಗುತ್ತೇವೆ.

ಈ ‘ಲಾಯಿತು’ ರೂಪ ‘ಕೊಲ್ಲಲ್ಪಟ್ಟನು’ ಎಂಬುದಕ್ಕಿಂತಲೂ ಹೆಚ್ಚು ಮರೆಮಾಡುತ್ತದೆ. ಅಲ್ಲಿ ‘ರಾಮನಿಂದ’ ಎಂದಾದರೂ ಇದೆ. ‘ಸಭೆ ಕರೆಯಲಾಯಿತು’ ಎಂಬುದಕ್ಕೆ ‘ನನ್ನಿಂದ’ ಎಂದು ಸೇರಿಸಿ ನೋಡಿ, ನಾಲಿಗೆಗೆ ಹತ್ತುವುದಿಲ್ಲ. ಮಾಡಿದವರಿಗೆ ಅಲ್ಲಿ ಜಾಗವೇ ಇಲ್ಲ. ಸರ್ಕಾರಿ ಪತ್ರಕ್ಕೆ ಅದು ಹೊಂದುತ್ತದೆ. ‘ಈ ಮೂಲಕ ಸೂಚಿಸಲಾಗಿದೆ’ ಎನ್ನುವಾಗ ಮಾತಾಡುತ್ತಿರುವುದು ಕುರ್ಚಿ, ಅದರ ಮೇಲೆ ಇಂದು ಕೂತವರು ನಾಳೆ ವರ್ಗವಾಗಿ ಹೋದರೂ ಆದೇಶ ಉಳಿಯಬೇಕು. ಆ ಧಾಟಿಯನ್ನೇ ಗೌರವದ ಬರವಣಿಗೆ ಎಂದುಕೊಂಡು ಸ್ವಂತ ಅರ್ಜಿಗೆ ತಂದಾಗ ಓದುವವರಿಗೆ ಏನೂ ಸಿಗುವುದಿಲ್ಲ.

ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ. ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಹಾಲು ಪರೀಕ್ಷಕಿಯಾಗಿರುವ ಒಬ್ಬ ಹೆಣ್ಣುಮಗಳು ಪಕ್ಕದ ಊರಿನ ಡೇರಿಯ ಕಾರ್ಯದರ್ಶಿ ಹುದ್ದೆಗೆ ಅರ್ಜಿ ಹಾಕುತ್ತಿದ್ದಾಳೆ ಎಂದುಕೊಳ್ಳಿ. ಸಾಧನೆ ಎಂಬ ಶೀರ್ಷಿಕೆಯ ಕೆಳಗೆ ಅವಳು ಬರೆದಿರುವುದು ಇಷ್ಟು:

‘ಸಂಘದಲ್ಲಿ ಹಾಲಿನ ಗುಣಮಟ್ಟ ಸುಧಾರಣೆಗೆ ಸಂಬಂಧಿಸಿದಂತೆ ವಿವಿಧ ಕ್ರಮಗಳನ್ನು ಕೈಗೊಳ್ಳಲಾಗಿದ್ದು, ಉತ್ತಮ ಫಲಿತಾಂಶ ಸಾಧಿಸಲಾಗಿದೆ.’

ಈ ವಾಕ್ಯದಲ್ಲಿ ತಪ್ಪಿಲ್ಲ, ಸುಳ್ಳೂ ಇಲ್ಲ. ಆದರೆ ಇದನ್ನು ಯಾವ ಡೇರಿಯ ಯಾರು ಬೇಕಾದರೂ ಬರೆಯಬಹುದು. ಕ್ರಮ ಕೈಗೊಂಡವಳು ಇವಳೋ, ಹಳೆಯ ಕಾರ್ಯದರ್ಶಿಯೋ, ಒಕ್ಕೂಟದಿಂದ ಬಂದ ವಿಸ್ತರಣಾಧಿಕಾರಿಯೋ? ‘ವಿವಿಧ ಕ್ರಮ’ ಎಂದರೆ ಯಾವುದು? ‘ಉತ್ತಮ’ ಎಂದರೆ ಎಷ್ಟು? ಅರ್ಜಿ ನೋಡುವ ಆಡಳಿತ ಮಂಡಳಿಯವರು ಹಸು ಕಟ್ಟಿ ಹಾಲು ಕರೆಯುವ ಜನ. ಅವರಿಗೆ ಬೇಕಾದದ್ದು ಈ ಮೂರು ಪ್ರಶ್ನೆಗಳ ಉತ್ತರವೇ.

ಎದುರು ಕೂತು ‘ನಿಜವಾಗಿ ಏನು ಮಾಡಿದೆಯಮ್ಮ?’ ಎಂದು ಕೇಳಿದರೆ ಅವಳು ಸೊಗಸಾಗಿ ಹೇಳುತ್ತಾಳೆ. ಬೇಸಿಗೆಯಲ್ಲಿ ಸಂಜೆಯ ಹಾಲು ಕ್ಯಾನಿನಲ್ಲೇ ಕೂತು ಹುಳಿಯಾಗಿ, ಶೀತಲೀಕರಣ ಕೇಂದ್ರದಿಂದ ವಾಪಸ್ಸು ಬರುತ್ತಿತ್ತು. ಯಾವ ದಿನ ಎಷ್ಟು ಕ್ಯಾನು ವಾಪಸ್ಸಾಯಿತು, ಅವತ್ತು ಗಾಡಿ ಎಷ್ಟು ಹೊತ್ತಿಗೆ ಬಂತು ಎಂದು ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಗಾಡಿ ತಡವಾದ ದಿನವೇ ಹಾಲು ಕೆಡುತ್ತಿದೆ ಎಂದು ಅದರಿಂದ ತಿಳಿಯಿತು. ಆ ನೋಟ್‌ಬುಕ್ಕನ್ನು ಆಡಳಿತ ಮಂಡಳಿಯ ಮುಂದಿಟ್ಟು, ಸಂಜೆ ಹಾಲು ಅಳೆಯುವ ಹೊತ್ತನ್ನು ಮುಕ್ಕಾಲು ಗಂಟೆ ತಡಮಾಡಲು ಒಪ್ಪಿಸಿದಳು. ಕ್ಯಾನುಗಳನ್ನು ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿ ಒಣಗಿಸುವ ರೂಢಿ ತಂದಳು. 2023ರ ಮಾರ್ಚಿನಿಂದ ಮೇವರೆಗೆ 23 ಕ್ಯಾನು ವಾಪಸ್ಸಾಗಿದ್ದವು, 2024ರ ಅದೇ ಮೂರು ತಿಂಗಳಲ್ಲಿ 6.

ಬಾಯಲ್ಲಿ ಹೇಳುವಾಗ ಒಂದೇ ಒಂದು ‘ಲಾಯಿತು’ ಬರಲಿಲ್ಲ. ಬರೆದಿಟ್ಟೆ, ಮುಂದಿಟ್ಟೆ, ಒಪ್ಪಿಸಿದೆ, ತೊಳೆಸಿದೆ ಎಂದೇ ಅವಳು ಹೇಳಿರುತ್ತಾಳೆ. ಅದನ್ನೇ ಕಾಗದಕ್ಕಿಳಿಸಿದರೆ ಸಾಕು:

‘ಬೇಸಿಗೆಯಲ್ಲಿ ಹುಳಿಯಾಗಿ ವಾಪಸ್ಸಾಗುವ ಹಾಲಿನ ಲೆಕ್ಕವನ್ನು ದಿನವೂ ಬರೆದಿಟ್ಟು, ಕಾರಣ ಗಾಡಿ ತಡವಾಗುವುದು ಎಂದು ಕಂಡುಕೊಂಡೆ. ಸಂಜೆಯ ಅಳತೆಯ ಹೊತ್ತನ್ನು ಬದಲಿಸಲು ಆಡಳಿತ ಮಂಡಳಿಯನ್ನು ಒಪ್ಪಿಸಿದೆ, ಕ್ಯಾನು ತೊಳೆಯುವ ಕ್ರಮವನ್ನು ತಿದ್ದಿದೆ. ಮಾರ್ಚ್–ಮೇ ತಿಂಗಳುಗಳಲ್ಲಿ ವಾಪಸ್ಸಾದ ಕ್ಯಾನುಗಳು 2023ರಲ್ಲಿ 23 ಇದ್ದದ್ದು 2024ರಲ್ಲಿ 6ಕ್ಕೆ ಇಳಿದವು.’

ಇಲ್ಲಿ ‘ನಾನು’ ಎಂಬ ಪದ ಒಂದು ಸಲವೂ ಇಲ್ಲ ಎಂಬುದನ್ನು ಗಮನಿಸಿ. ಕರ್ತರಿಯಲ್ಲಿ ಬರೆಯಿರಿ ಎಂದಾಗ ಬಹಳ ಜನ, ಅದರಲ್ಲೂ ಹೆಣ್ಣುಮಕ್ಕಳು, ‘ನಾನು ನಾನು ಅಂತ ಬರೆದುಕೊಂಡರೆ ಜಂಬ ಅನ್ನಿಸುವುದಿಲ್ಲವೇ’ ಎಂದು ಹಿಂಜರಿಯುತ್ತಾರೆ. ಕನ್ನಡ ಆ ಸಂಕೋಚಕ್ಕೆ ದಾರಿ ಮಾಡಿಕೊಟ್ಟಿದೆ. ‘ಒಪ್ಪಿಸಿದೆ’ ಎಂಬ ಕ್ರಿಯಾಪದದ ಕೊನೆಯಲ್ಲೇ ‘ನಾನು’ ಅಡಗಿದೆ. ಇಂಗ್ಲಿಷಿನ ಬಯೋಡೇಟಾದಲ್ಲಿ ಕರ್ತೃವನ್ನು ಬಿಟ್ಟರೆ ಕ್ರಿಯಾಪದ ಬೋಳಾಗಿ ನಿಲ್ಲುತ್ತದೆ, ನಮ್ಮಲ್ಲಿ ಹಾಗಾಗುವುದಿಲ್ಲ.

ಒಂದು ಎಚ್ಚರ ಮಾತ್ರ ಬೇಕು. ‘ಇಳಿಸಿದೆ’ ಎಂದರೆ ನಾನು ಇಳಿಸಿದೆ ಎಂದೂ ಆಗುತ್ತದೆ, ಸಂಘ ಇಳಿಸಿದೆ ಎಂದೂ ಆಗುತ್ತದೆ. ‘ಸಂಘವು ನಷ್ಟವನ್ನು ಇಳಿಸಿದೆ’ ಎಂಬ ಬಳಕೆ ನಮಗೆ ಗೊತ್ತಿರುವುದೇ. ಆದ್ದರಿಂದ ಹಿಂದಿನ ವಾಕ್ಯದಲ್ಲಿ ಸಂಘದ ಹೆಸರು ಬಂದಿದ್ದರೆ ಓದುವವರು ತಪ್ಪು ತಿಳಿಯಬಹುದು. ಅಂಥ ಕಡೆ ‘ಇಳಿಸಿದ್ದೇನೆ’ ಎಂದು ಬರೆದರೆ ಗೊಂದಲ ಉಳಿಯುವುದಿಲ್ಲ, ಅಥವಾ ಅಲ್ಲೊಂದು ‘ನಾನು’ ಇರಲಿ. ‘ಲಾಗಲಿಲ್ಲ’ ಎಂಬ ರೂಪ ಇನ್ನೂ ಅಪಾಯ. ‘ಬಟವಾಡೆ ತಡಮಾಡಲಾಗಲಿಲ್ಲ’ ಎಂದು ಹೆಮ್ಮೆಯಿಂದ ಬರೆದವರ ಉದ್ದೇಶ ‘ಹಣ ಹೊತ್ತಿಗೆ ಕೊಟ್ಟೆವು’ ಎಂಬುದು. ಆದರೆ ‘ಬರಲಾಗಲಿಲ್ಲ’, ‘ಕೊಡಲಾಗಲಿಲ್ಲ’ ಎಂದರೆ ಕನ್ನಡದ ಕಿವಿಗೆ ಮೊದಲು ಕೇಳಿಸುವುದು ಕೈಲಾಗಲಿಲ್ಲ ಎಂದೇ.

ಕನ್ನಡದಲ್ಲಿ ನಮಗಿರುವ ಇನ್ನೊಂದು ಅನುಕೂಲ ‘ಇಸು’ ಪ್ರತ್ಯಯ. ‘ಕ್ಯಾನು ತೊಳೆದೆ’ ಎಂದರೆ ಕೈಯಾರೆ ತೊಳೆದದ್ದು, ‘ತೊಳೆಸಿದೆ’ ಎಂದರೆ ನಿಂತು ಮಾಡಿಸಿದ್ದು. ಮೇಲ್ವಿಚಾರಣೆಯ ಕೆಲಸ ಮಾಡಿದವರು ‘ಶಾಲೆಗೆ ಶೌಚಾಲಯ ಕಟ್ಟಲಾಯಿತು’ ಎಂದು ಬರೆಯುವುದು ಹೆಚ್ಚಾಗಿ ಸಂಕೋಚದಿಂದ: ಗಾರೆ ಕೆಲಸ ನಾನು ಮಾಡಲಿಲ್ಲವಲ್ಲ, ‘ಕಟ್ಟಿದೆ’ ಎನ್ನುವುದು ಹೇಗೆ ಎಂದು. ‘ಕಟ್ಟಿಸಿದೆ’ ಎನ್ನಬಹುದು, ಅದು ಸತ್ಯ. ಗ್ರಾಮಸಭೆಯಲ್ಲಿ ವಿಷಯ ಎತ್ತಿದ್ದಷ್ಟೇ ನಿಮ್ಮ ಪಾಲಾದರೆ ‘ಬೇಡಿಕೆ ಇಟ್ಟೆ, ಪಂಚಾಯಿತಿ ಕಟ್ಟಿಸಿತು’ ಎನ್ನಿ. ನಾಲ್ಕೈದು ಜನ ಕೂಡಿ ಮಾಡಿದ್ದರೆ ‘ನಾವು ಐವರು’ ಎಂದು ಶುರುಮಾಡಿ, ಅದರಲ್ಲಿ ನಿಮ್ಮ ಕೈ ಹಚ್ಚಿದ್ದು ಯಾವುದಕ್ಕೆ ಎಂದು ಮುಂದಿನ ವಾಕ್ಯದಲ್ಲಿ ಬರೆಯಿರಿ. ಯಾರ ಪಾಲು ಎಷ್ಟು ಎಂಬುದನ್ನು ಕರ್ಮಣಿ ಒಟ್ಟಿಗೆ ಕಲಸಿಬಿಡುತ್ತದೆ, ಕರ್ತರಿಯಲ್ಲಿ ಅದನ್ನು ಬಿಡಿಸಿ ಹೇಳಲೇಬೇಕಾಗುತ್ತದೆ. ಹೀಗಾಗಿ ಪ್ರಾಮಾಣಿಕರಿಗೆ ಕರ್ತರಿಯೇ ಒಳ್ಳೆಯದು ಎಂದು ನನ್ನ ನಂಬಿಕೆ.

ಹಾಗೆಂದು ಕ್ರಿಯಾಪದದ ಬಾಲ ಬದಲಾದ ಮಾತ್ರಕ್ಕೆ ವಾಕ್ಯಕ್ಕೆ ಜೀವ ಬರುವುದಿಲ್ಲ. ‘ಗುಣಮಟ್ಟ ಸುಧಾರಣೆಗೆ ಶ್ರಮಿಸಿದ್ದೇನೆ’, ‘ಸಕ್ರಿಯ ಪಾತ್ರ ವಹಿಸಿದ್ದೇನೆ’, ‘ವಿವಿಧ ಕಾರ್ಯಕ್ರಮಗಳಲ್ಲಿ ಭಾಗಿಯಾಗಿದ್ದೇನೆ’ ಎಂಬವೆಲ್ಲ ವ್ಯಾಕರಣದ ಪ್ರಕಾರ ಕರ್ತರಿಯೇ. ಆದರೂ ಟೊಳ್ಳು, ಏಕೆಂದರೆ ಈ ಕ್ರಿಯೆಗಳನ್ನು ಕಣ್ಣಿಂದ ನೋಡಲಾಗದು. ಪಾತ್ರ ವಹಿಸುವವಳನ್ನು ಬಾಗಿಲಲ್ಲಿ ನಿಂತು ನೋಡಿದರೆ ಏನು ಮಾಡುತ್ತಿರುತ್ತಾಳೆ? ಅಳೆಯುತ್ತಿರುತ್ತಾಳೆ, ಬರೆಯುತ್ತಿರುತ್ತಾಳೆ, ಯಾರಿಗೋ ಫೋನು ಮಾಡುತ್ತಿರುತ್ತಾಳೆ. ಹಾಗೆ ಕಣ್ಣಿಗೆ ಕಾಣುವ ಕ್ರಿಯಾಪದ ಸಿಗುವವರೆಗೆ ಹುಡುಕಬೇಕು.

ಫಲಿತಾಂಶದ ಅಂಕಿಯಲ್ಲೂ ಜಾರುವ ಜಾಗಗಳಿವೆ. ಇದೇ ಪರೀಕ್ಷಕಿ ‘ವಾಪಸ್ಸಾಗುವ ಹಾಲನ್ನು ಶೇ. 74ರಷ್ಟು ತಗ್ಗಿಸಿದೆ’ ಎಂದು ಬರೆಯಬಹುದಿತ್ತು, ಲೆಕ್ಕ ಸರಿಯೇ. ಆದರೆ 4 ಕ್ಯಾನು ಇದ್ದದ್ದು 1 ಆದರೂ ಶೇ. 75 ಇಳಿದಂತೆ. ಬರೀ ಶೇಕಡಾವಾರು ನೋಡಿದವರಿಗೆ ಕೆಲಸದ ಗಾತ್ರ ತಿಳಿಯುವುದಿಲ್ಲ. ಎಷ್ಟಿತ್ತು, ಎಷ್ಟಾಯಿತು ಎಂಬ ಎರಡು ಅಂಕಿ ಕೊಟ್ಟರೆ ಉಳಿದದ್ದನ್ನು ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಕ್ಯಾನು 40 ಲೀಟರಿನದು, 17 ಕ್ಯಾನು ಉಳಿಯಿತು, ಆದ್ದರಿಂದ 680 ಲೀಟರು ಉಳಿಸಿದೆ ಎಂದು ಹಿಗ್ಗಿಸುವ ಆಸೆಯೂ ಆಗಬಹುದು. ವಾಪಸ್ಸು ಬಂದ ಪ್ರತಿ ಕ್ಯಾನೂ ಕಂಠಪೂರ್ತಿ ತುಂಬಿತ್ತೇ? ಗೊತ್ತಿಲ್ಲದಿದ್ದರೆ ಕ್ಯಾನಿನ ಲೆಕ್ಕದಲ್ಲೇ ನಿಲ್ಲಬೇಕು. ಸಂದರ್ಶನದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ.

ಹೋಲಿಕೆಯ ಕಾಲವನ್ನೂ ಜೋಪಾನವಾಗಿ ಆರಿಸಿಕೊಳ್ಳಬೇಕು. ಏಪ್ರಿಲ್‌ನ ಅಂಕಿಯನ್ನು ಆಗಸ್ಟಿನ ಅಂಕಿಯ ಪಕ್ಕ ಇಟ್ಟರೆ ಹುಳಿ ಹಾಲು ಕಡಿಮೆಯಾಗಿಯೇ ಕಾಣುತ್ತದೆ, ಆದರೆ ಕಡಿಮೆ ಮಾಡಿದ್ದು ಮಳೆಗಾಲದ ತಂಪು. ಹಾಲಿನ ಪ್ರಮಾಣವೂ ಹೀಗೆಯೇ, ಮಳೆ ಬಿದ್ದು ಹಸಿಮೇವು ಸಿಕ್ಕಾಗ ತಾನಾಗಿ ಏರುತ್ತದೆ. ಬೇಸಿಗೆಗೆ ಬೇಸಿಗೆಯನ್ನೇ ಹೋಲಿಸಿದ್ದರಿಂದ ಅವಳ ವಾಕ್ಯಕ್ಕೆ ತೂಕ ಬಂದಿದೆ. ಅಷ್ಟಾದರೂ ಅವಳು ‘6ಕ್ಕೆ ಇಳಿಸಿದೆ’ ಎನ್ನದೆ ‘6ಕ್ಕೆ ಇಳಿದವು’ ಎಂದದ್ದು ಸರಿಯಾಗಿದೆ. ಆ ವರ್ಷ ಗಾಡಿಯವನೂ ಸ್ವಲ್ಪ ಹೊತ್ತಿಗೆ ಬಂದಿರಬಹುದು. ತಾನು ಮಾಡಿದ್ದಕ್ಕೆ ಸಕರ್ಮಕ ಕ್ರಿಯಾಪದ, ಅದರ ಬೆನ್ನಿಗೆ ಆದದ್ದಕ್ಕೆ ಅಕರ್ಮಕ: ತಿದ್ದಿದೆ, ಇಳಿದವು. ಇಳಿಕೆಗೆ ತಾನೊಬ್ಬಳೇ ಕಾರಣ ಎಂದು ಅವಳು ಎಲ್ಲೂ ಹೇಳಿಲ್ಲ, ಆದರೂ ಮಾಡಿದ ಕೆಲಸ ಪೂರ್ತಿ ಕಾಣುತ್ತದೆ.

ಕರ್ತೃ ನಿಜಕ್ಕೂ ಬೇಡವಾದ ಕಡೆ ಏನು ಮಾಡುವುದು? ‘ಜಿಲ್ಲಾ ಮಟ್ಟದ ತರಬೇತಿಗೆ ಆಯ್ಕೆ ಮಾಡಲಾಯಿತು’ ಎನ್ನುವಲ್ಲಿ ಆಯ್ಕೆ ಮಾಡಿದವರ ಹೆಸರು ಯಾರಿಗೂ ಬೇಡ. ಅಲ್ಲೂ ಮಾತಿನ ಕನ್ನಡದ ದಾರಿ ಇದೆ: ‘ತರಬೇತಿಗೆ ನನ್ನನ್ನು ಆರಿಸಿದರು’, ಇಲ್ಲವೇ ‘ಆಯ್ಕೆಯಾದೆ’. ಎರಡೂ ಚಿಕ್ಕವು, ಎರಡರಲ್ಲೂ ನೀವು ಕಾಣೆಯಾಗುವುದಿಲ್ಲ.

ಅಂಕಿಯೇ ಇಲ್ಲದ ಕೆಲಸದವರು ಹೆಚ್ಚು ಕಷ್ಟಪಡುತ್ತಾರೆ. ಲೆಕ್ಕ ಬರೆಯುವವರು, ದಾಸ್ತಾನು ನೋಡಿಕೊಳ್ಳುವವರು, ಅಂಗನವಾಡಿ ಕಾರ್ಯಕರ್ತೆಯರು ‘ನಾನೇನು ಏರಿಸಿಲ್ಲ, ಇಳಿಸಿಲ್ಲ, ನಡೆಸಿಕೊಂಡು ಹೋದೆ ಅಷ್ಟೆ’ ಎನ್ನುತ್ತಾರೆ. ನಡೆಸಿಕೊಂಡು ಹೋದದ್ದಕ್ಕೂ ಗುರುತುಗಳಿರುತ್ತವೆ, ಅವು ಸಾಮಾನ್ಯವಾಗಿ ನಡೆಯದೇ ಉಳಿದ ಕೆಡುಕಿನ ರೂಪದಲ್ಲಿರುತ್ತವೆ. ‘ಲೆಕ್ಕಪತ್ರಗಳನ್ನು ಸಮರ್ಪಕವಾಗಿ ನಿರ್ವಹಿಸಲಾಗಿದೆ’ ಎಂದು ಬರೆದ ಗುಮಾಸ್ತರನ್ನು ಆಡಿಟ್ಟಿನಲ್ಲಿ ಏನಾದರೂ ಆಕ್ಷೇಪ ಬಂದಿತ್ತೇ, ಬಟವಾಡೆ ಯಾವಾಗಲಾದರೂ ತಪ್ಪಿತ್ತೇ, ಸದಸ್ಯರ ಪಾಸ್‌ಪುಸ್ತಕಕ್ಕೂ ಸಂಘದ ಖಾತೆಗೂ ತಾಳೆಯಾಗದ ತಕರಾರು ಬಂದಿತ್ತೇ ಎಂದು ಕೇಳಿ ನೋಡಿ. ಆಗ ಹೊರಡುವ ವಾಕ್ಯ ಹೀಗಿರಬಹುದು: ‘ಮೂರು ವರ್ಷ 140 ಸದಸ್ಯರ ಖಾತೆ ಬರೆದೆ. ಒಂದು ಬಟವಾಡೆಯೂ ತಪ್ಪಲಿಲ್ಲ, ಮೂರೂ ಆಡಿಟ್ಟಿನಲ್ಲಿ ಆಕ್ಷೇಪ ಬರಲಿಲ್ಲ.’ ಈ ವಾಕ್ಯ ಬರೆಯುವ ಮೊದಲು ಅವರು ಬೀರುವಿನಿಂದ ಮೂರು ಆಡಿಟ್ ವರದಿಗಳನ್ನು ತೆಗೆದು ಓದಬೇಕಾಗುತ್ತದೆ. ಎರಡನೇ ವರ್ಷದ್ದರಲ್ಲಿ ಒಂದು ಆಕ್ಷೇಪ ಇದ್ದರೆ ಅದನ್ನು ಬರೆದು, ಯಾವ ತಿಂಗಳಲ್ಲಿ ಹೇಗೆ ಸರಿಪಡಿಸಿದೆ ಎಂಬುದನ್ನೂ ಬರೆಯಲಿ.