ಪಲ್ಪರ್ ನೀರು ಕೆರೆಗೆ ಹರಿದರೆ ವರದಿ ಬರೆಯೋದು ಹೇಗೆ?

ಮೂಡಿಗೆರೆ, ಕಳಸದ ಕಡೆ ಕೊಯ್ದ ಕಾಫಿ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಸುಲೀತಾರೆ. ಆಗ ಬರುವ ನೀರಿನಲ್ಲಿ ಹಣ್ಣಿನ ಲೋಳೆ, ಸಕ್ಕರೆ ಇರುತ್ತೆ. ಅದು ಕೆರೆ ಸೇರಿದ್ರೆ ಬ್ಯಾಕ್ಟೀರಿಯಾಗಳು ಸಕ್ಕರೆ ತಿನ್ನುತ್ತಾ ನೀರಿನ ಆಮ್ಲಜನಕ ಖಾಲಿ ಮಾಡುತ್ತವೆ, ಮೀನು ಸಾಯುತ್ತವೆ.

ಆಕಸ್ಮಿಕವಾಗಿ ಹೀಗಾದರೆ ಘಟಕದ ಹೊಣೆ ಹೊತ್ತವರು ಕೂಡಲೇ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು ಅನ್ನುತ್ತೆ 1974ರ ಜಲ ಕಾಯ್ದೆಯ 31ನೇ ಕಲಂ. ಎಷ್ಟು ಹರಿಯಿತು, ಎಷ್ಟು ಹೊತ್ತು, ಯಾಕೆ ಅನ್ನೋದೇ ವರದಿಯ ತಿರುಳು. ಒಂದು ಕಾಲ್ಪನಿಕ ಉದಾಹರಣೆ ತಗೊಂಡು ಲೆಕ್ಕ ಹಾಕೋಣ.

ನೇರ ಗೋಡೆಯ ತ್ಯಾಜ್ಯನೀರಿನ ತೊಟ್ಟಿ, 12 ಮೀಟರ್ ಉದ್ದ, 8 ಮೀಟರ್ ಅಗಲ. ಬೆಳಿಗ್ಗೆ 6ಕ್ಕೆ ಮಟ್ಟ ಅಳೆದಿದ್ದರು, ಸೋರಿಕೆ ಇರಲಿಲ್ಲ. 8ಕ್ಕೆ ಸೋರಿಕೆ ಕಂಡು ನಿಲ್ಲಿಸಿದಾಗ ಮಟ್ಟ ಅರ್ಧ ಮೀಟರ್ ಇಳಿದಿತ್ತು.

12 × 8 × 0.5 = 48 ಘನ ಮೀಟರ್, ಅಂದರೆ 48,000 ಲೀಟರ್. ಇಲ್ಲಿಗೇ ಬಿಟ್ಟರೆ ಲೆಕ್ಕ ತಪ್ಪುತ್ತೆ. ಆ ಎರಡು ಗಂಟೆಯೂ ಪಲ್ಪರ್ ಓಡುತ್ತಿತ್ತು. ಗಂಟೆಗೆ 4,000 ಲೀಟರ್ ಒಳಗೆ ಬರುತ್ತಿದ್ದರೆ, ಅದೂ ಹೊರಗೇ ಹೋಗಿದೆ. ಒಟ್ಟು 56,000 ಲೀಟರ್.

ಸೋರಿಕೆ ಶುರುವಾದ ಹೊತ್ತು ಗೊತ್ತಿಲ್ಲ. ಹಾಗಾಗಿ ಅವಧಿಯನ್ನು 'ಹೆಚ್ಚೆಂದರೆ ಎರಡು ಗಂಟೆ' ಅಂತ ಬರೀಬೇಕು. ಆದರೆ ಅದು 7ಕ್ಕೆ ಶುರುವಾಗಿದ್ದರೂ ಒಟ್ಟು ಪ್ರಮಾಣ ಬದಲಾಗಲ್ಲ.

ಕಾರಣ? 'ಮಳೆ ಬಂದು ತುಂಬಿ ಚೆಲ್ಲಿತು' ಅಂದರೆ ನಾವು ನಂಬಲ್ಲ. ತುಂಬಿ ಚೆಲ್ಲಿದ್ದರೆ ಮಟ್ಟ ಅಂಚಿನಲ್ಲೇ ನಿಲ್ಲುತ್ತಿತ್ತು. ಅರ್ಧ ಮೀಟರ್ ಇಳಿದಿದೆ ಅಂದರೆ ಕೆಳಗೆಲ್ಲೋ ಗೋಡೆ ಬಿರಿದಿದೆ, ಇಲ್ಲವೇ ವಾಲ್ವ್ ತೆರೆದಿತ್ತು.